ಅರಿಶಿನ ಹೋಯ್ತು, ಡಾಲರ್ ಪೂರ್ತಿ ಬಂತಾ? ರಫ್ತಿನ ಕಾಗದಗಳು ಮತ್ತು ಇಆರ್‌ಪಿ

ತೇರದಾಳ, ರಬಕವಿ-ಬನಹಟ್ಟಿ ಸುತ್ತಮುತ್ತ ಕಬ್ಬಿನ ಹೊಲಗಳ ಜೊತೆ ಅರಿಶಿನದ ಹೊಲಗಳೂ ಇವೆ. ಕಿತ್ತ ಗಡ್ಡೆಯನ್ನು ಕುದಿಸಿ, ಒಣಗಿಸಿ, ಪಾಲಿಶ್ ಮಾಡಿ ಕೊಂಬು ಮಾಡ್ತಾರೆ. ಅದು ಸಾಂಗ್ಲಿಯ ಮಾರುಕಟ್ಟೆಗೆ ಹೋದರೆ ವ್ಯವಹಾರ ಸರಳ. ತೂಕ ಆಗುತ್ತೆ, ಬೆಲೆ ಆಗುತ್ತೆ, ಪಟ್ಟಿ ಬರುತ್ತೆ, ದುಡ್ಡು ಬರುತ್ತೆ. ಆದರೆ ಅದೇ ಅರಿಶಿನವನ್ನು ತೇರದಾಳದ ಒಬ್ಬ ವ್ಯಾಪಾರಿ ನೇರವಾಗಿ ದುಬೈಗೆ ಕಳಿಸಿದರೆ, ಮಾಲಿನ ಹಿಂದೆ ಒಂದು ಫೈಲಿನಷ್ಟು ಕಾಗದ ಓಡಾಡಬೇಕು. ಆ ಕಾಗದಗಳಲ್ಲಿ ಒಂದು ಸಾಲು ತಪ್ಪಿದರೆ ಮಾಲು ಬಂದರಿನಲ್ಲಿ ನಿಲ್ಲುತ್ತೆ, ಇಲ್ಲಾ ದುಡ್ಡು ಬ್ಯಾಂಕಿನಲ್ಲಿ ನಿಲ್ಲುತ್ತೆ.

ಈ ಕಾಗದಗಳನ್ನೆಲ್ಲ ಇಆರ್‌ಪಿ ಸಾಫ್ಟ್‌ವೇರ್ ತಯಾರು ಮಾಡುತ್ತೆ ಅಂತ ನಾವೆಲ್ಲ ಕೇಳಿರುತ್ತೇವೆ. ಪ್ರಿಂಟ್ ಮಾಡೋದು ಅದರ ಸಣ್ಣ ಕೆಲಸ. ಒಂದೇ ಕಂಟೇನರನ್ನು ಕಸ್ಟಮ್ಸ್, ಬ್ಯಾಂಕು, ರಿಸರ್ವ್ ಬ್ಯಾಂಕು ಮೂವರೂ ಓದುತ್ತಾರೆ. ಮೂವರೂ ಹುಡುಕೋದು ಬೇರೆ ಬೇರೆ, ಯಾರೂ ಮಾಲನ್ನು ಪೂರ್ತಿಯಾಗಿ ನೋಡಲ್ಲ. ಆ ಮೂವರಿಗೂ ಒಂದೇ ಮಾತು ಹೇಳೋದು ಇಆರ್‌ಪಿಯ ದೊಡ್ಡ ಕೆಲಸ. ಅದು ಎಲ್ಲಿ ಎಡವುತ್ತೆ ಅನ್ನೋದನ್ನು ಒಂದು ಕಂಟೇನರ್ ಹಿಡಿದುಕೊಂಡು ನೋಡೋಣ. ವ್ಯಾಪಾರಿ, ಬೆಲೆ, ಡಾಲರ್ ದರ ಇವೆಲ್ಲ ಲೆಕ್ಕ ಸುಲಭ ಆಗಲಿ ಅಂತ ನಾವು ಕಟ್ಟಿಕೊಂಡಿದ್ದು. ನಿಯಮಗಳು ಮಾತ್ರ ನಿಜವಾದವು.

ನಮ್ಮ ಕಂಟೇನರ್

20 ಅಡಿಯ ಒಂದು ಕಂಟೇನರ್. ಒಳಗೆ 50 ಕೆಜಿಯ 280 ಚೀಲ, ಅಂದರೆ 14,000 ಕೆಜಿ ಅರಿಶಿನ ಕೊಂಬು. ಬೆಲೆ ಕೆಜಿಗೆ 1.80 ಡಾಲರ್, ಒಟ್ಟು 25,200 ಡಾಲರ್. ಇದು ಸಿಐಎಫ್ ಬೆಲೆ. ಅಂದರೆ ಹಡಗಿನ ಬಾಡಿಗೆ ಮತ್ತು ವಿಮೆ ಮಾರುವವನದೇ, ಅದು ಬೆಲೆಯಲ್ಲೇ ಸೇರಿದೆ. ಬಾಡಿಗೆ 600, ವಿಮೆ 50 ಡಾಲರ್ ಅಂತ ಇಟ್ಟುಕೊಂಡರೆ, ಅವೆರಡನ್ನೂ ಕಳೆದ ಎಫ್‌ಒಬಿ ಬೆಲೆ 24,550 ಡಾಲರ್. ಈ ಎರಡು ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ತೇರದಾಳಕ್ಕೆ ಸಮುದ್ರ ಇಲ್ಲ. ಲಾರಿ ಸಾಂಗ್ಲಿ, ಪುಣೆ ಕಡೆಯಿಂದ ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿಗೆ ಹೋಗಬೇಕು. ಅಲ್ಲಿಂದ ಹಡಗು ದುಬೈನ ಜೆಬೆಲ್ ಅಲಿ ಬಂದರಿಗೆ.

ಈಗ ಮುಖ್ಯ ಪ್ರಶ್ನೆ. ತೇರದಾಳದವರಿಗೆ ದುಬೈನವರ ಮೇಲೆ ನಂಬಿಕೆ ಇಲ್ಲ, ದುಡ್ಡು ಬರದೆ ಮಾಲು ಬಿಡಲ್ಲ. ದುಬೈನವರಿಗೆ ಇವರ ಮೇಲೆ ನಂಬಿಕೆ ಇಲ್ಲ, ಮಾಲು ಹೊರಡದೆ ದುಡ್ಡು ಬಿಡಲ್ಲ. ಇಬ್ಬರ ನಡುವೆ ಕೂತುಕೊಳ್ಳೋದೇ ಲೆಟರ್ ಆಫ್ ಕ್ರೆಡಿಟ್, ಎಲ್‌ಸಿ.

ಎಲ್‌ಸಿ ಅಂದರೆ ಬ್ಯಾಂಕಿನ ಮಾತು, ಷರತ್ತಿನ ಜೊತೆ

ದುಬೈನ ಖರೀದಿದಾರ ತನ್ನ ಬ್ಯಾಂಕಿಗೆ ಹೋಗಿ ಎಲ್‌ಸಿ ತೆರೆಸುತ್ತಾನೆ. ಆ ಬ್ಯಾಂಕು ಹೇಳೋದು ಇಷ್ಟೇ: "ನಾವು ಹೇಳಿದ ಕಾಗದಗಳನ್ನು, ಹೇಳಿದ ರೀತಿಯಲ್ಲಿ, ಹೇಳಿದ ತಾರೀಖಿನೊಳಗೆ ಕೊಟ್ಟರೆ 25,200 ಡಾಲರ್ ನಾವು ಕೊಡ್ತೇವೆ." ಖರೀದಿದಾರ ಆಮೇಲೆ ಮನಸ್ಸು ಬದಲಾಯಿಸಿದರೂ ಬ್ಯಾಂಕಿನ ಮಾತು ನಿಲ್ಲುತ್ತೆ.

ಈ ಮಾತಿನ ನಿಯಮಗಳನ್ನು ಪ್ಯಾರಿಸ್‌ನಲ್ಲಿರುವ ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿ ಬರೆದಿದೆ. ಈಗ ನಡೀತಿರೋದು 2007ರ ಜುಲೈನಲ್ಲಿ ಜಾರಿಗೆ ಬಂದ ಯುಸಿಪಿ 600. ಅದರ 5ನೇ ವಿಧಿ ಒಂದೇ ಸಾಲಿನದು, ಆದರೆ ಇಡೀ ಆಟ ಅದರ ಮೇಲೆ ನಿಂತಿದೆ. ಬ್ಯಾಂಕುಗಳು ವ್ಯವಹರಿಸೋದು ಕಾಗದಗಳ ಜೊತೆ, ಮಾಲಿನ ಜೊತೆ ಅಲ್ಲ ಅನ್ನೋದು ಅದರ ಅರ್ಥ. ಅರಿಶಿನ ಬಂಗಾರದ ಹಾಗೆ ಇದ್ದರೂ ಕಾಗದ ತಪ್ಪಿದ್ದರೆ ದುಡ್ಡು ಕೊಡಬೇಕಾಗಿಲ್ಲ.

ಎಲ್‌ಸಿ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಸ್ವಿಫ್ಟ್ ಸಂದೇಶವಾಗಿ ಬರುತ್ತೆ. ಅದರ ಹೆಸರು `MT700`. ಪ್ರತಿ ಮಾಹಿತಿಗೂ ಒಂದು ಟ್ಯಾಗ್ ನಂಬರ್ ಇರುತ್ತೆ. ನಮ್ಮ ಕಂಟೇನರಿನ ಎಲ್‌ಸಿಯ ಮುಖ್ಯ ಸಾಲುಗಳು ಹೀಗಿವೆ ಅಂದುಕೊಳ್ಳಿ:

```
31D: 260415 INDIA
32B: USD25200,00
43P: NOT ALLOWED
44E: NHAVA SHEVA, INDIA
44F: JEBEL ALI, UAE
44C: 260331
45A: 14 MT INDIAN TURMERIC FINGERS, DOUBLE POLISHED,
     IN 280 PP BAGS OF 50 KG NET EACH, CIF JEBEL ALI
48:  15
```

`31D` ಎಲ್‌ಸಿ ಮುಗಿಯುವ ದಿನ ಮತ್ತು ಜಾಗ: 2026ರ ಏಪ್ರಿಲ್ 15, ಭಾರತದಲ್ಲಿ. ಈ ಜಾಗ ಸಣ್ಣ ವಿಷಯ ಅಂತ ಬಿಡಬಾರದು. ಅಲ್ಲಿ ದುಬೈ ಅಂತಿದ್ದರೆ ಕಾಗದಗಳು ಆ ದಿನದೊಳಗೆ ದುಬೈಗೇ ತಲುಪಿರಬೇಕಾಗುತ್ತೆ. `43P` ಅಂದರೆ ಮಾಲನ್ನು ಕಂತಿನಲ್ಲಿ ಕಳಿಸೋ ಹಾಗಿಲ್ಲ. `44C` ಮಾಲು ಹಡಗು ಹತ್ತಬೇಕಾದ ಕೊನೆಯ ದಿನ. `45A` ಮಾಲಿನ ವರ್ಣನೆ. `48` ಅಂದರೆ ಹಡಗು ಹತ್ತಿದ ದಿನದಿಂದ ಎಷ್ಟು ದಿನದೊಳಗೆ ಕಾಗದಗಳನ್ನು ಬ್ಯಾಂಕಿಗೆ ಕೊಡಬೇಕು ಅನ್ನೋದು. ಇದರ ಜೊತೆ `46A` ಅಂತ ಇನ್ನೊಂದು ಸಾಲಿನಲ್ಲಿ ಯಾವ ಯಾವ ಕಾಗದ ಬೇಕು ಅನ್ನೋ ಪಟ್ಟಿ ಇರುತ್ತೆ: ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್, ವಿಮೆ, ಮೂಲದೇಶ ಪ್ರಮಾಣಪತ್ರ, ಸಸ್ಯ ಆರೋಗ್ಯ ಪ್ರಮಾಣಪತ್ರ, ಹೊಗೆ ಹಾಕಿಸಿದ ಪ್ರಮಾಣಪತ್ರ ಹೀಗೆ.

ಎಲ್‌ಸಿ ಕೈಗೆ ಬಂದ ದಿನವೇ ಅದನ್ನು ಪೂರ್ತಿ ಓದಬೇಕು. ನಮ್ಮಿಂದ ಆಗದ ಷರತ್ತು ಇದ್ದರೆ ಲಾರಿ ಲೋಡ್ ಆಗೋ ಮೊದಲೇ ಖರೀದಿದಾರನಿಗೆ ಹೇಳಿ ತಿದ್ದುಪಡಿ ತರಿಸಬೇಕು. ಮಾಲು ಹಡಗು ಹತ್ತಿದ ಮೇಲೆ ಚೌಕಾಸಿ ಮಾಡೋ ಶಕ್ತಿ ನಮ್ಮ ಕೈಯಲ್ಲಿ ಇರಲ್ಲ.

ಇಆರ್‌ಪಿ ಎಡವುವ ಮೊದಲ ಜಾಗ: ಐಟಂ ಮಾಸ್ಟರ್

ಯಾವ ಇಆರ್‌ಪಿಯಲ್ಲಾದರೂ ಮಾಲಿಗೆ ಒಂದು ಐಟಂ ಮಾಸ್ಟರ್ ಇರುತ್ತೆ. ತೇರದಾಳದ ಗೋದಾಮಿನಲ್ಲಿ ಈ ಮಾಲಿನ ಹೆಸರು `Turmeric Finger Polished 50KG` ಅಂತ ಇರಬಹುದು. ಇನ್‌ವಾಯ್ಸ್ ಪ್ರಿಂಟ್ ಕೊಟ್ಟಾಗ ಇಆರ್‌ಪಿ ತನ್ನ ಮಾಮೂಲಿ ಅಭ್ಯಾಸದಂತೆ ಅದೇ ಹೆಸರನ್ನು ಹಾಕುತ್ತೆ. ನಮ್ಮ ಕಣ್ಣಿಗೆ ಇದರಲ್ಲಿ ತಪ್ಪಿಲ್ಲ. ಬ್ಯಾಂಕಿನವರ ಕಣ್ಣಿಗೆ `DOUBLE POLISHED` ಕಾಣಲಿಲ್ಲ, `INDIAN` ಕಾಣಲಿಲ್ಲ. ಯುಸಿಪಿ 600ರ 18ನೇ ವಿಧಿ ಪ್ರಕಾರ ಇನ್‌ವಾಯ್ಸ್‌ನಲ್ಲಿರೋ ಮಾಲಿನ ವರ್ಣನೆ ಎಲ್‌ಸಿಯ ವರ್ಣನೆಗೆ ಹೊಂದಬೇಕು. ಹೊಂದದಿದ್ದರೆ ಅದೊಂದು ಡಿಸ್ಕ್ರೆಪನ್ಸಿ, ಅಂದರೆ ಕಾಗದದ ವ್ಯತ್ಯಾಸ.

ಬೇರೆ ಕಾಗದಗಳಿಗೆ ನಿಯಮ ಸ್ವಲ್ಪ ಸಡಿಲ. ಬಿಲ್ ಆಫ್ ಲೇಡಿಂಗ್‌ನಲ್ಲೋ ಸಸ್ಯ ಆರೋಗ್ಯ ಪತ್ರದಲ್ಲೋ "ಅರಿಶಿನ ಕೊಂಬು" ಅಂತ ಸಾಮಾನ್ಯವಾಗಿ ಬರೆದರೂ ನಡೆಯುತ್ತೆ, ಎಲ್‌ಸಿಗೆ ವಿರುದ್ಧ ಇರಬಾರದು ಅಷ್ಟೇ. ಹಾಗಾಗಿ ಬಿಗಿ ಇರೋದು ಇನ್‌ವಾಯ್ಸ್‌ನಲ್ಲಿ, ಅದನ್ನೇ ನಮ್ಮ ಇಆರ್‌ಪಿ ತಯಾರು ಮಾಡೋದು.

ಪರಿಹಾರ ಡಿಸೈನಿನಲ್ಲಿದೆ. ಎಲ್‌ಸಿಯನ್ನು ಪಿಡಿಎಫ್ ಆಗಿ ಅಟ್ಯಾಚ್ ಮಾಡಿ ಸುಮ್ಮನಾಗಬಾರದು. ಅದಕ್ಕೆ ತನ್ನದೇ ಒಂದು ರೆಕಾರ್ಡ್ ಬೇಕು, ಒಂದೊಂದು ಟ್ಯಾಗಿಗೂ ಒಂದೊಂದು ಫೀಲ್ಡ್ ಬೇಕು. ಇಆರ್‌ಪಿನೆಕ್ಸ್ಟ್‌ನಂಥ ಓಪನ್ ಸೋರ್ಸ್ ಸಾಫ್ಟ್‌ವೇರಿನಲ್ಲಿ ಇದಕ್ಕೆ ಒಂದು ಕಸ್ಟಮ್ ಡಾಕ್‌ಟೈಪ್ ಮಾಡಿಕೊಳ್ಳಬಹುದು. ಎಲ್‌ಸಿ ಇರೋ ಆರ್ಡರ್ ಆದರೆ ಇನ್‌ವಾಯ್ಸ್‌ನ ವರ್ಣನೆ ಐಟಂ ಮಾಸ್ಟರಿನಿಂದ ಬರದೆ `45A` ಫೀಲ್ಡಿನಿಂದ ಅಕ್ಷರಶಃ ಬರಬೇಕು. ಸ್ಟಾಕಿನ ಲೆಕ್ಕಕ್ಕೆ ಐಟಂ ಕೋಡ್, ಬ್ಯಾಂಕಿಗೆ ಎಲ್‌ಸಿಯ ಮಾತು. ಎರಡೂ ಒಂದೇ ಸಾಲಿನಲ್ಲಿ ಇರಬಹುದು, ಪ್ರಿಂಟ್ ಆಗೋದು ಎರಡನೆಯದು.

ಒಂದು ಚೀಲ ಕಮ್ಮಿಯಾದರೆ?

ಕಂಟೇನರಿಗೆ ತುಂಬುವಾಗ ಒಂದು ಚೀಲ ಹರೀತು ಅಂದುಕೊಳ್ಳಿ. ಬದಲಿ ಚೀಲ ಇಲ್ಲ. 279 ಚೀಲ ಹೋಯ್ತು, 13,950 ಕೆಜಿ. ಕಮ್ಮಿಯಾಗಿದ್ದು ಶೇಕಡಾ ಅರ್ಧಕ್ಕಿಂತ ಕಡಿಮೆ. ಯುಸಿಪಿ 600ರ 30ನೇ ವಿಧಿ ಪ್ರಮಾಣದಲ್ಲಿ ಶೇ. 5ರಷ್ಟು ಹೆಚ್ಚುಕಮ್ಮಿಗೆ ಅವಕಾಶ ಕೊಡುತ್ತೆ, ಹಾಗಾಗಿ ತೊಂದರೆ ಇಲ್ಲ ಅಂತ ಅನ್ನಿಸುತ್ತೆ.

ಆದರೆ ಅದೇ ವಿಧಿಯಲ್ಲಿ ಒಂದು ಷರತ್ತಿದೆ. ಎಲ್‌ಸಿಯಲ್ಲಿ ಪ್ರಮಾಣವನ್ನು ಇಷ್ಟು ಚೀಲ, ಇಷ್ಟು ಪೆಟ್ಟಿಗೆ ಅಂತ ಎಣಿಕೆಯಲ್ಲಿ ಹೇಳಿದ್ದರೆ ಆ ಶೇ. 5 ಸಿಗಲ್ಲ. ನಮ್ಮ `45A` ನಲ್ಲಿ `280 PP BAGS` ಅಂತಿದೆ. ಮೇಲಿಂದ `43P` ಕಂತು ಬೇಡ ಅಂತಿದೆ. ಹಾಗಾಗಿ ಒಂದು ಚೀಲ ಕಮ್ಮಿಯಾದರೂ ವ್ಯತ್ಯಾಸವೇ. ಬರೀ `14 MT IN BULK BAGS` ಅಂತ ತೂಕ ಮಾತ್ರ ಇದ್ದಿದ್ದರೆ ಇದೇ 13,950 ಕೆಜಿ ಪಾಸಾಗುತ್ತಿತ್ತು.

ಇದರಿಂದ ಇಆರ್‌ಪಿಗೆ ಎರಡು ಕೆಲಸ. ಒಂದು, ಪ್ಯಾಕಿಂಗ್ ಲಿಸ್ಟ್ ಗೋದಾಮಿನ ನಿಜವಾದ ಎಣಿಕೆಯಿಂದ ಬರಬೇಕು. ಸೇಲ್ಸ್ ಆರ್ಡರಿನ ಸಂಖ್ಯೆಯನ್ನೇ ನಕಲು ಮಾಡಿದರೆ ಹರಿದ ಚೀಲ ಕಾಗದದಲ್ಲಿ ಕಾಣಲ್ಲ, ಬಂದರಿನಲ್ಲಿ ಕಾಣುತ್ತೆ. ಎರಡು, ಆ ಎಣಿಕೆಯನ್ನು ಎಲ್‌ಸಿಯ ಎಣಿಕೆ ಜೊತೆ ಹೋಲಿಸಿ, ಲಾರಿ ಗೇಟು ದಾಟೋ ಮೊದಲೇ ಕೆಂಪು ತೋರಿಸಬೇಕು. ತೂಕಕ್ಕೂ ಇದೇ ಮಾತು. ಖಾಲಿ ಚೀಲ 100 ಗ್ರಾಂ ಅಂತ ಇಟ್ಟುಕೊಂಡರೆ 280 ಚೀಲಕ್ಕೆ 28 ಕೆಜಿ, ಒಟ್ಟು ತೂಕ 14,028 ಕೆಜಿ. ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್, ಬಿಲ್ ಆಫ್ ಲೇಡಿಂಗ್ ಮೂರರಲ್ಲೂ ಇದೇ ಸಂಖ್ಯೆ ಬರಬೇಕು. ಒಬ್ಬರು ಒಂದೇ ಕಡೆ ಬರೆದು ಉಳಿದವರೆಲ್ಲ ಅಲ್ಲಿಂದಲೇ ತಗೊಂಡರೆ ಮಾತ್ರ ಇದು ಸಾಧ್ಯ.

ಶಿಪ್ಪಿಂಗ್ ಬಿಲ್ ಮತ್ತು ಬಿಲ್ ಆಫ್ ಲೇಡಿಂಗ್

ಹೆಸರು ಒಂದೇ ಥರ ಇರೋದರಿಂದ ಇವೆರಡನ್ನೂ ಗೊಂದಲ ಮಾಡಿಕೊಳ್ಳೋದು ಸುಲಭ. ಶಿಪ್ಪಿಂಗ್ ಬಿಲ್ ನಾವು ಕಸ್ಟಮ್ಸ್‌ಗೆ ಕೊಡುವ ಘೋಷಣೆ. ಸಾಮಾನ್ಯವಾಗಿ ಕಸ್ಟಮ್ಸ್ ಬ್ರೋಕರ್ ಅದನ್ನು ಐಸ್‌ಗೇಟ್ ಮೂಲಕ ಆನ್‌ಲೈನ್ ಸಲ್ಲಿಸುತ್ತಾರೆ. ಕಸ್ಟಮ್ಸ್ ಒಪ್ಪಿದರೆ "ಲೆಟ್ ಎಕ್ಸ್‌ಪೋರ್ಟ್ ಆರ್ಡರ್" ಸಿಗುತ್ತೆ, ಆಗ ಮಾಲು ಹಡಗು ಹತ್ತಬಹುದು. ಬಿಲ್ ಆಫ್ ಲೇಡಿಂಗ್ ಹಡಗಿನ ಕಂಪನಿ ನಮಗೆ ಕೊಡುವ ಕಾಗದ. ಅದು ಬರೀ ರಶೀದಿ ಆಗಿದ್ದರೆ ಇಷ್ಟು ಮಹತ್ವ ಇರುತ್ತಿರಲಿಲ್ಲ. ಅದು ಮಾಲಿನ ಮೇಲಿನ ಹಕ್ಕುಪತ್ರ. ಎಲ್‌ಸಿ ವ್ಯವಹಾರದಲ್ಲಿ ಅದನ್ನು ಹೆಚ್ಚಾಗಿ ದುಬೈ ಬ್ಯಾಂಕಿನ ಆದೇಶಕ್ಕೆ ಅಂತ ಬರೆಸುತ್ತಾರೆ. ಹಾಗಾಗಿ ಖರೀದಿದಾರ ಬ್ಯಾಂಕಿನ ಲೆಕ್ಕ ಮುಗಿಸಿ ಆ ಕಾಗದ ತಗೊಳ್ಳದೆ ಜೆಬೆಲ್ ಅಲಿಯಲ್ಲಿ ಮಾಲು ಬಿಡಿಸಿಕೊಳ್ಳೋಕೆ ಆಗಲ್ಲ.

ಹಡಗಿನ ಕಂಪನಿ ಮೊದಲು ಕರಡು ಕಳಿಸುತ್ತೆ. ತಿದ್ದೋಕೆ ಇರೋ ಸುಲಭದ ಅವಕಾಶ ಅದೇ. ಹೆಸರು, ಬಂದರು, ಕಂಟೇನರ್ ನಂಬರ್, ಸೀಲ್ ನಂಬರ್, ತೂಕ ಎಲ್ಲವನ್ನೂ ಇಆರ್‌ಪಿಯ ರೆಕಾರ್ಡ್ ಜೊತೆ ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಕೊನೆಯ ದಿನ ಯಾವುದು?

ಎಲ್‌ಸಿ ಮುಗಿಯೋದು ಏಪ್ರಿಲ್ 15. ಹಾಗಾದರೆ ಕಾಗದ ಕೊಡೋಕೆ ಏಪ್ರಿಲ್ 15ರ ತನಕ ಸಮಯ ಇದೆ ಅಂತ ಆಫೀಸಿನ ಕ್ಯಾಲೆಂಡರಿನಲ್ಲಿ ಗುರುತು ಹಾಕೋದು ಸಹಜ. ನಮ್ಮ ಮಾಲು ಬೇಗ ರೆಡಿಯಾಗಿ ಮಾರ್ಚ್ 10ಕ್ಕೇ ಹಡಗು ಹತ್ತಿತು ಅಂದುಕೊಳ್ಳಿ. `48` ನಲ್ಲಿ 15 ದಿನ ಅಂತಿದೆ. ಅಂದರೆ ಕೊನೆಯ ದಿನ ಮಾರ್ಚ್ 25! ಬೇಗ ಕಳಿಸಿದವರಿಗೆ ಗಡುವೂ ಬೇಗ ಬರುತ್ತೆ. ಇದು ಎರಡು ಸಾಲಿನ ಕೋಡ್:

```python
deadline = min(bl_date + timedelta(days=lc.days_48),
               lc.expiry_date)
```

ಎಲ್‌ಸಿಯಲ್ಲಿ `48` ಖಾಲಿ ಇದ್ದರೆ ಯುಸಿಪಿಯ 21 ದಿನ ಅನ್ವಯ ಆಗುತ್ತೆ. ಅದನ್ನು ಡೀಫಾಲ್ಟ್ ಆಗಿ ಇಡಬಹುದು.

ಇಲ್ಲಿ ಊರಿನ ದೂರವೂ ಲೆಕ್ಕಕ್ಕೆ ಬರುತ್ತೆ. ಬಿಲ್ ಆಫ್ ಲೇಡಿಂಗ್ ಮುಂಬೈ ಕಡೆ ತಯಾರಾಗುತ್ತೆ, ವ್ಯಾಪಾರಿ ತೇರದಾಳದಲ್ಲಿ, ವಿದೇಶಿ ವಿನಿಮಯ ನೋಡಿಕೊಳ್ಳೋ ಬ್ಯಾಂಕ್ ಶಾಖೆ ಬಹುಶಃ ಇನ್ನೊಂದು ದೊಡ್ಡ ಊರಿನಲ್ಲಿ. ಮೂಲ ಪ್ರತಿಗಳು ಕೊರಿಯರ್‌ನಲ್ಲಿ ಎರಡು ಸಲ ಓಡಾಡಿದರೆ ಐದಾರು ದಿನ ಹೋಯ್ತು. 15 ದಿನದಲ್ಲಿ ಉಳಿದಿದ್ದು ಒಂಬತ್ತೋ ಹತ್ತೋ. ಆದ್ದರಿಂದ ಇಆರ್‌ಪಿ ಗಡುವಿನ ದಿನ ಎಚ್ಚರಿಸಿದರೆ ಪ್ರಯೋಜನ ಇಲ್ಲ, ಹಡಗು ಹತ್ತಿದ ಮಾರನೇ ದಿನದಿಂದಲೇ ಯಾವ ಕಾಗದ ಇನ್ನೂ ಬಂದಿಲ್ಲ ಅನ್ನೋ ಪಟ್ಟಿ ತೋರಿಸಬೇಕು.

ಕಾಗದ ಸಿಕ್ಕ ಮೇಲೆ ಪರೀಕ್ಷೆ ಮಾಡೋಕೆ ಬ್ಯಾಂಕಿಗೆ ಹೆಚ್ಚೆಂದರೆ 5 ಬ್ಯಾಂಕ್ ಕೆಲಸದ ದಿನ. ತಪ್ಪು ಸಿಕ್ಕರೆ ನಿರಾಕರಣೆಯ ಸಂದೇಶ ಬರುತ್ತೆ, ಅದರ ಹೆಸರು `MT734`. ಗಡುವಿನೊಳಗೆ ತಿದ್ದಿ ಮತ್ತೆ ಕೊಡೋಕೆ ಆದರೆ ಸರಿ. ಇಲ್ಲದಿದ್ದರೆ ಬ್ಯಾಂಕಿನ ಮಾತು ಬಿದ್ದುಹೋಗುತ್ತೆ. ಇನ್ನು ದುಡ್ಡು ಸಿಗೋದು ಖರೀದಿದಾರ "ಇರಲಿ, ಒಪ್ಪಿಕೊಳ್ತೀನಿ" ಅಂದರೆ ಮಾತ್ರ. ಅಷ್ಟರಲ್ಲಿ ಕಂಟೇನರ್ ಜೆಬೆಲ್ ಅಲಿಯಲ್ಲಿ ನಿಂತು ದಿನದ ಬಾಡಿಗೆ ಏರುತ್ತಾ ಇರುತ್ತೆ. ಆ ಹೊತ್ತಿಗೆ ಖರೀದಿದಾರ ಕೆಜಿಗೆ ಹತ್ತು ಸೆಂಟ್ ಇಳಿಸಿ ಅಂದರೆ 1,400 ಡಾಲರ್ ಹೋಯ್ತು. ಮಾಲು ವಾಪಸ್ ತರಿಸೋ ಖರ್ಚು ನೋಡಿದರೆ ಇಳಿಸೋದೇ ವಾಸಿ ಅನ್ನಿಸಿಬಿಡುತ್ತೆ. ಒಂದು ಐಟಂ ಹೆಸರಿನ ಬೆಲೆ ಇದು.

ದುಡ್ಡು ಬಂತು. ಲೆಕ್ಕ ಮುಗೀತಾ?

ಎಲ್ಲ ಸರಿಯಾಗಿ ನಡೆದು ಏಪ್ರಿಲ್‌ನಲ್ಲಿ ದುಡ್ಡು ಬಂತು ಅಂದುಕೊಳ್ಳೋಣ. ಇನ್‌ವಾಯ್ಸ್ 25,200 ಡಾಲರ್. ದಾರಿಯಲ್ಲಿ ವಿದೇಶಿ ಬ್ಯಾಂಕುಗಳು 55 ಡಾಲರ್ ಖರ್ಚು ಹಿಡಿದುಕೊಂಡು 25,145 ಡಾಲರ್ ಕಳಿಸಿವೆ. ಇನ್‌ವಾಯ್ಸ್ ಬುಕ್ ಮಾಡಿದ ದಿನ ಡಾಲರಿಗೆ 85 ರೂಪಾಯಿ, ದುಡ್ಡು ಬಂದ ದಿನ 86.20 ಅಂತ ಇಟ್ಟುಕೊಳ್ಳಿ.

ಪುಸ್ತಕದಲ್ಲಿ ಖರೀದಿದಾರ ಕೊಡಬೇಕಿದ್ದು 25,200 × 85, ಅಂದರೆ 21,42,000 ರೂಪಾಯಿ. ಖಾತೆಗೆ ಬಂದಿದ್ದು 25,145 × 86.20, ಅಂದರೆ 21,67,499 ರೂಪಾಯಿ. ಕೊಡಬೇಕಿದ್ದಕ್ಕಿಂತ 25,499 ರೂಪಾಯಿ ಜಾಸ್ತಿಯೇ ಬಂದಿದೆ! ರೂಪಾಯಿ ಲೆಡ್ಜರ್ ಮಾತ್ರ ನೋಡುವ ಅಕೌಂಟೆಂಟ್ ಈ 25,499ನ್ನು ವಿನಿಮಯ ಲಾಭ ಅಂತ ಹಾಕಿ ಇನ್‌ವಾಯ್ಸ್ ಮುಚ್ಚಿಬಿಡಬಹುದು. ಲೆಡ್ಜರ್ ಸರಿಹೋಗುತ್ತೆ, ಯಾವ ಎರರೂ ಬರಲ್ಲ.

ಆದರೆ ಆ 25,499ರೊಳಗೆ ಎರಡು ಬೇರೆ ಕಥೆಗಳಿವೆ. ಡಾಲರ್ ಏರಿದ್ದರಿಂದ ಬಂದ ಲಾಭ 25,200 × 1.20, ಅಂದರೆ 30,240 ರೂಪಾಯಿ. ಬ್ಯಾಂಕ್ ಖರ್ಚು 55 × 86.20, ಅಂದರೆ 4,741 ರೂಪಾಯಿ. ಕಳೆದರೆ 25,499. ಎರಡನ್ನೂ ಬೇರೆ ಬೇರೆ ನಮೂದು ಮಾಡಬೇಕು. ಯಾಕೆ ಅಂತ ತಿಳಿಯೋಕೆ ಮೂರನೇ ಓದುಗರ ಹತ್ತಿರ ಹೋಗಬೇಕು.

ಆರ್‌ಬಿಐ ನೋಡೋದು ಡಾಲರನ್ನು

ಮಾಲು ದೇಶ ಬಿಟ್ಟು ಹೋದ ಮೇಲೆ ಅದರ ವಿದೇಶಿ ಹಣ ದೇಶಕ್ಕೆ ಬರಲೇಬೇಕು, ಇದು ಫೆಮಾ ಕಾನೂನಿನ ಮಾತು. ಇದನ್ನು ಕಾಯೋಕೆ 2014ರ ಮಾರ್ಚ್‌ನಿಂದ ಇಡಿಪಿಎಂಎಸ್ ಅನ್ನೋ ವ್ಯವಸ್ಥೆ ಇದೆ. ಶಿಪ್ಪಿಂಗ್ ಬಿಲ್‌ನ ಡೇಟಾ ಕಸ್ಟಮ್ಸ್‌ನಿಂದ ನೇರವಾಗಿ ಅಲ್ಲಿಗೆ ಹೋಗುತ್ತೆ, ನಮ್ಮ ಬ್ಯಾಂಕಿಗೆ ಕಾಣುತ್ತೆ. ದುಡ್ಡು ಬಂದಾಗ ಬ್ಯಾಂಕು ಅದನ್ನು ಆ ಬಿಲ್‌ಗೆ ಜೋಡಿಸಿ ಬಿಲ್ ಮುಚ್ಚುತ್ತೆ. ಅಲ್ಲಿ ಲೆಕ್ಕ ಇನ್‌ವಾಯ್ಸ್ ಆದ ವಿದೇಶಿ ಹಣದಲ್ಲೇ, ನಮ್ಮ ಪುಸ್ತಕದ ರೂಪಾಯಿಯಲ್ಲಿ ಅಲ್ಲ. ಆದ್ದರಿಂದ ನಮ್ಮ ಲೆಡ್ಜರ್ "ಮುಗೀತು, ಲಾಭ" ಅಂದ ಬಿಲ್ ಅಲ್ಲಿ 55 ಡಾಲರ್ ಬಾಕಿ ಅಂತ ತೆರೆದೇ ಇರಬಹುದು. ಬ್ಯಾಂಕಿಗೆ ಆ ಖರ್ಚಿನ ಆಧಾರ ಕೊಟ್ಟು ಅದನ್ನು ಮುಗಿಸಿಕೊಳ್ಳಬೇಕು. 55 ಡಾಲರ್ ಅಂತ ಯಾರೂ ಕೇಳದೆ ಬಿಟ್ಟರೆ ವರ್ಷದ ಕೊನೆಗೆ ಅಂಥ ಹತ್ತಾರು ಬಿಲ್ ಸೇರಿರುತ್ತವೆ.

ಬಾಕಿ ಬಿಲ್‌ಗಳು ಬೆಳೆದು ರಫ್ತುದಾರರ ಹೆಸರು ಆರ್‌ಬಿಐನ ಎಚ್ಚರಿಕೆ ಪಟ್ಟಿಗೆ ಹೋದರೆ, ಆಮೇಲೆ ಸಾಲದ ಮೇಲೆ ಮಾಲು ಕಳಿಸೋದು ಕಷ್ಟ. ಮುಂಗಡ ಹಣ ಅಥವಾ ಪೂರ್ತಿ ಮೊತ್ತದ ಎಲ್‌ಸಿ ಇದ್ದರೆ ಮಾತ್ರ ಬ್ಯಾಂಕು ಕಾಗದ ಮುಟ್ಟುತ್ತೆ.

ಹಣ ಬರಬೇಕಾದ ಗಡುವು 2025ರ ನವೆಂಬರ್ ತನಕ 9 ತಿಂಗಳು ಇತ್ತು, ಆ ತಿಂಗಳು ಆರ್‌ಬಿಐ ಅದನ್ನು 15 ತಿಂಗಳು ಮಾಡಿತು. ನಮ್ಮ ಮಾರ್ಚ್ 10ರ ಕಂಟೇನರಿಗೆ ಇದು 2027ರ ಜೂನ್ 10. ಕೋಡ್‌ನೊಳಗೆ ಎಲ್ಲೋ `9` ಅಂತ ಬರೆದಿಟ್ಟ ಇಆರ್‌ಪಿ ಆ ದಿನದಿಂದ ಸುಳ್ಳು ಎಚ್ಚರಿಕೆ ಕೊಡೋಕೆ ಶುರು ಮಾಡಿರುತ್ತೆ. ಇಂಥ ಸಂಖ್ಯೆ ಇರಬೇಕಾದ ಜಾಗ ಒಂದು ಟೇಬಲ್, ಯಾವ ತಾರೀಖಿನಿಂದ ಅನ್ವಯ ಅನ್ನೋ ಕಾಲಂ ಜೊತೆ.

ಟೇಬಲ್‌ಗಳು ಹೇಗಿರಬೇಕು

ಮೊದಲು ಕೀ. ಶಿಪ್ಪಿಂಗ್ ಬಿಲ್ ನಂಬರ್ ಒಂದನ್ನೇ ನಂಬೋ ಹಾಗಿಲ್ಲ, ಅದೇ ನಂಬರ್ ಬೇರೆ ಬಂದರಿನಲ್ಲೂ ಇರಬಹುದು. ಬಂದರಿನ ಕೋಡ್, ನಂಬರ್, ತಾರೀಖು ಮೂರೂ ಸೇರಿ ಒಂದು ಬಿಲ್ ಗುರುತು. ನ್ಹಾವಾ ಶೇವಾದ ಕೋಡ್ `INNSA1`. ರಫ್ತಿನ ಜಿಎಸ್‌ಟಿ ರಿಟರ್ನ್‌ನಲ್ಲೂ ಈ ಮೂರನ್ನೇ ಕೇಳ್ತಾರೆ.

ಆಮೇಲೆ ಸಂಬಂಧ. ಹೊರದೇಶದಿಂದ ಬಂದ ಪ್ರತಿ ಹಣಕ್ಕೂ ಬ್ಯಾಂಕು ಒಂದು ಐಆರ್‌ಎಂ, ಅಂದರೆ ಒಳಬಂದ ಹಣದ ಸಂದೇಶ, ತಯಾರು ಮಾಡುತ್ತೆ. ಒಂದು ಬಿಲ್‌ಗೆ ಎರಡು ಕಂತಿನಲ್ಲಿ ಹಣ ಬರಬಹುದು. ಒಂದೇ ಸಲ 35,145 ಡಾಲರ್ ಬಂದು, ಅದರಲ್ಲಿ 25,145 ಈ ಕಂಟೇನರಿಗೆ, 10,000 ಮುಂದಿನ ಕಂಟೇನರಿನ ಮುಂಗಡ ಆಗಿರಬಹುದು. ಡಿಬಿಎಂಎಸ್ ಕ್ಲಾಸಿನಲ್ಲಿ ನಾವು ಸ್ಟೂಡೆಂಟ್-ಕೋರ್ಸ್ ಉದಾಹರಣೆಯಲ್ಲಿ ನೋಡೋ ಮೆನಿ-ಟು-ಮೆನಿ ಸಂಬಂಧವೇ ಇದು. ನಡುವೆ ಒಂದು ಟೇಬಲ್ ಬೇಕು:

```
shipping_bill(id, port_code, sb_no, sb_date, currency,
              fob_fc, freight_fc, insurance_fc)
irm(id, irm_no, irm_date, currency, amount_fc, rate)
allocation(sb_id, irm_id, amount_fc)
deduction(sb_id, reason, amount_fc, proof_file)
```

ಬಾಕಿ ಲೆಕ್ಕ ಹೀಗೆ:

```
balance_fc = fob_fc + freight_fc + insurance_fc
             - sum(allocation.amount_fc)
             - sum(deduction.amount_fc)
```

ನಮ್ಮ ಕಂಟೇನರಿಗೆ 24,550 + 600 + 50 − 25,145 − 55 = 0. ಬಿಲ್ ನಿಜವಾಗಿ ಮುಗೀತು. ಶಿಪ್ಪಿಂಗ್ ಬಿಲ್‌ನಲ್ಲಿ ಎಫ್‌ಒಬಿ, ಬಾಡಿಗೆ, ವಿಮೆ ಬೇರೆ ಬೇರೆ ಕಾಣೋದರಿಂದ ಇಲ್ಲೂ ಬೇರೆ ಬೇರೆ ಇಟ್ಟಿದ್ದೇವೆ. ಎಫ್‌ಒಬಿ ಒಂದನ್ನೇ ತಗೊಂಡರೆ ಬಾಕಿ ಮೈನಸ್ 650 ಬರುತ್ತೆ. ಬಾಕಿ ಮೈನಸ್ ಬಂದ ಸಾಲುಗಳನ್ನು ಹುಡುಕಿದರೆ ಈ ತಪ್ಪು ತಾನಾಗಿ ಸಿಕ್ಕಿಬೀಳುತ್ತೆ.

`deduction` ಟೇಬಲ್‌ನಲ್ಲಿ `proof_file` ಖಾಲಿ ಬಿಡೋಕೆ ಅವಕಾಶ ಕೊಡಬೇಡಿ. ಆಧಾರ ಇಲ್ಲದ ಕಡಿತವನ್ನು ನಮ್ಮ ಇಆರ್‌ಪಿ ಒಪ್ಪಿಕೊಂಡರೂ ಬ್ಯಾಂಕು ಒಪ್ಪಲ್ಲ, ಆಗ ಮತ್ತೆ ಎರಡು ಲೆಕ್ಕ ಬೇರೆ ಬೇರೆ.

ಕೊನೆಯ ಕಾಗದ ಇ-ಬಿಆರ್‌ಸಿ, ರಫ್ತಿನ ಹಣ ಬಂದಿದೆ ಅನ್ನೋ ಪುರಾವೆ. ಮೊದಲು ಇದನ್ನು ಬ್ಯಾಂಕುಗಳೇ ಕೊಡ್ತಿದ್ದವು. 2023ರ ನವೆಂಬರ್‌ನಲ್ಲಿ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ತಂದ ಹೊಸ ವ್ಯವಸ್ಥೆಯಲ್ಲಿ ಬ್ಯಾಂಕು ಐಆರ್‌ಎಂ ಕಳಿಸುತ್ತೆ, ರಫ್ತುದಾರರೇ ಅದನ್ನು ಶಿಪ್ಪಿಂಗ್ ಬಿಲ್ ಜೊತೆ ಜೋಡಿಸಿ ಸ್ವಯಂ ದೃಢೀಕರಿಸಿದ ಇ-ಬಿಆರ್‌ಸಿ ಮಾಡಿಕೊಳ್ತಾರೆ. ಜೋಡಿಸೋ ಜವಾಬ್ದಾರಿ ಈಗ ತೇರದಾಳದ ಆಫೀಸಿಗೇ ಬಂದಿದೆ. `allocation` ಟೇಬಲ್ ಸರಿ ಇದ್ದವರಿಗೆ ಇದು ಐದು ನಿಮಿಷದ ಕೆಲಸ.

ಇಆರ್‌ಪಿಯಿಂದ ಆಗದ್ದು

ಚೀಲದೊಳಗೆ ಇರೋದು ಎರಡು ಸಲ ಪಾಲಿಶ್ ಆದ ಕೊಂಬೇ ಅಂತ ಯಾವ ಫೀಲ್ಡೂ ಹೇಳಲ್ಲ. ಸಸ್ಯ ಆರೋಗ್ಯ ಪತ್ರ, ಮೂಲದೇಶ ಪತ್ರ ಕೊಡೋರು ಹೊರಗಿನವರು, ಅವರ ಕಾಗದದ ಮೇಲಿನ ಅಕ್ಷರಗಳನ್ನು ಮನುಷ್ಯರೇ ಕೂತು ಓದಬೇಕು. ಎಲ್‌ಸಿಯ ಷರತ್ತು ನಮ್ಮಿಂದ ಆಗುತ್ತಾ ಅನ್ನೋದನ್ನೂ ಗೋದಾಮು ಗೊತ್ತಿರೋರೇ ಹೇಳಬೇಕು.

ನಮ್ಮ ಕ್ಯಾಂಪಸ್ಸಿನಲ್ಲಿ ಮಿನಿ ಪ್ರಾಜೆಕ್ಟಿಗೆ ಮತ್ತೊಂದು ಲೈಬ್ರರಿ ಮ್ಯಾನೇಜ್‌ಮೆಂಟ್ ಮಾಡೋ ಬದಲು ಇದನ್ನು ಮಾಡಿ ನೋಡಬಹುದು. ನಾಲ್ಕು ಟೇಬಲ್, ಒಂದು ಎಲ್‌ಸಿ ರೆಕಾರ್ಡ್, ನಾಲ್ಕು ಚೆಕ್ ಸಾಕು: ಇನ್‌ವಾಯ್ಸ್‌ನ ವರ್ಣನೆ `45A` ಜೊತೆ ಅಕ್ಷರಶಃ ಒಂದೇನಾ, ಗೋದಾಮಿನ ಚೀಲದ ಎಣಿಕೆ ಎಲ್‌ಸಿಯ ಎಣಿಕೆಗೆ ಹೊಂದುತ್ತಾ, ಕಾಗದ ಕೊಡೋಕೆ ಇನ್ನೆಷ್ಟು ದಿನ ಉಳಿದಿದೆ, ಡಾಲರ್‌ನಲ್ಲಿ ಬಾಕಿ ಸೊನ್ನೆಯಾ. ಟೆಸ್ಟ್ ಡೇಟಾಗೆ ಮೇಲಿನ ಕಂಟೇನರನ್ನೇ ಬಳಸಿ. ಮೊದಲು 280 ಚೀಲ ಹಾಕಿ, ಆಮೇಲೆ 279 ಹಾಕಿ. ಎರಡನೇ ಸಲ ಕೆಂಪು ಬರದಿದ್ದರೆ ಎಲ್ಲೋ ಒಂದು ಕಡೆ ಸೇಲ್ಸ್ ಆರ್ಡರಿನ ಸಂಖ್ಯೆ ನಕಲಾಗ್ತಿದೆ ಅಂತ ಅರ್ಥ.